ಕಡಲಕ್ಕಿಯೋ, ರೀವವೋ?

ಚಳಿಗಾಲದಲ್ಲಿ ಕಾರವಾರದ ಬಳಿ ಕಾಳೀ ನದಿಯು ಸಮುದ್ರವನ್ನು ಸೇರುವೆಡೆ ನಿಂತು ನೋಡಿದರೆ, ಬೂದು ಬೆನ್ನಿನ ಬಿಳಿಯ ಹಕ್ಕಿಗಳು ನೀರಿನ ಮೇಲೆ ಸುಳಿದಾಡುವುದು ಕಾಣುತ್ತದೆ. ಇವುಗಳಲ್ಲಿ ಎರಡು ಬಗೆಗಳುಂಟು. ಇಂಗ್ಲಿಷಿನಲ್ಲಿ ಗಲ್ ಎನ್ನುವುದು ನಮ್ಮ ಕಡಲಕ್ಕಿ. ಟರ್ನ್ ಎನ್ನುವುದು ರೀವ. ಎರಡೂ ಒಂದೇ ಕುಟುಂಬದವು. ಬಣ್ಣವೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಛಾಯಾಚಿತ್ರವನ್ನು ನೋಡಿ ಇವುಗಳಿಗೆ ಹೆಸರು ಹೇಳುವವರು ಬಣ್ಣಕ್ಕಿಂತ ಮೊದಲು ಕೊಕ್ಕು, ಬಾಲ ಮತ್ತು ಹಾರಾಟಗಳನ್ನು ಗಮನಿಸುತ್ತಾರೆ.

ಕಡಲಕ್ಕಿಯ ಕೊಕ್ಕು ದಪ್ಪನಾಗಿದ್ದು ಅದರ ತುದಿ ಕೆಳಕ್ಕೆ ಬಾಗಿರುತ್ತದೆ. ಬಾಲದ ಅಂಚು ಕವಲಿಲ್ಲದೆ ನೇರವಾಗಿರುತ್ತದೆ. ರೀವದ ಕೊಕ್ಕು ನೇರವಾಗಿ ಹೋಗಿ ಚೂಪಾಗಿ ಮುಗಿಯುತ್ತದೆ, ಬಾಲವು ಕವಲೊಡೆದಿರುತ್ತದೆ. ನಿಯಮವು ಇಷ್ಟು ಸರಳ. ಆದರೆ ಇದನ್ನು ಸುಳ್ಳಾಗಿಸುವಂತೆ ತೋರುವ ಒಂದು ಹಕ್ಕಿಯುಂಟು. ಅದರ ಹೆಸರೇ ಕಡಲಕ್ಕಿ-ಕೊಕ್ಕಿನ ರೀವ.

ಅಳಿವೆಯಲ್ಲಿ ತೆಗೆದ ಈ ಹಕ್ಕಿಯ ಚಿತ್ರವೊಂದು ನಮ್ಮ ಮುಂದಿದೆಯೆಂದು ಭಾವಿಸೋಣ. ಕೊಕ್ಕು ಮೋಟಾಗಿ, ದಪ್ಪನಾಗಿದೆ. ತಲೆ ಬಿಳುಪು, ಕಣ್ಣಿನ ಹಿಂದೆ ಕಪ್ಪು ಮಚ್ಚೆ. ಚಳಿಗಾಲದಲ್ಲಿ ಕಂದುತಲೆಯ ಕಡಲಕ್ಕಿಗೂ ಇಂಥದೇ ಮಚ್ಚೆ ಇರುತ್ತದೆ. ಬಾಲದಲ್ಲಿ ಕವಲೂ ಕಾಣಿಸದು. ಅವಸರದವರು ಇದನ್ನು ಕಡಲಕ್ಕಿಯೆಂದೇ ಬರೆದುಬಿಡುವರು.

ಕವಲು ಎಲ್ಲಿ ಹೋಯಿತು? ಬಾಲದ ಹೊರಗರಿಗಳು ಒಳಗರಿಗಳಿಗಿಂತ ಉದ್ದವಾಗಿರುವುದೇ ಕವಲಿಗೆ ಕಾರಣ. ತಿರುಗುವಾಗ ಹಕ್ಕಿಯು ಬಾಲವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ. ಆಗ ಹೊರಗರಿಗಳು ಪಕ್ಕಕ್ಕೆ ಸರಿದು ಅಂಚು ನೇರವಾದಂತೆ ತೋರುತ್ತದೆ. ಈ ರೀವದ ಕವಲಾದರೋ ಮೊದಲೇ ಆಳವಿಲ್ಲದ್ದು. ಆದ್ದರಿಂದ ಕವಲು ಕಂಡರೆ ಅದು ಸಾಕ್ಷಿ. ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಬಾಲ ಮಡಿಚಿದ ಇನ್ನೊಂದು ಚಿತ್ರವನ್ನು ಹುಡುಕಬೇಕು.

ಈಗ ಬಣ್ಣವೂ ನೆರವಿಗೆ ಬರುತ್ತದೆ. ಈ ರೀವದ ಕೊಕ್ಕು, ಕಾಲು ಎರಡೂ ಕಪ್ಪು. ಬೆಳೆದ ಕಂದುತಲೆಯ ಕಡಲಕ್ಕಿಯ ಕೊಕ್ಕು ಕೆಂಪಾಗಿದ್ದು ತುದಿ ಮಾತ್ರ ಕಪ್ಪಗಿರುತ್ತದೆ, ಕಾಲೂ ಕೆಂಪು. ಅದರ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿಯ ಬೊಟ್ಟುಗಳೂ ಇರುತ್ತವೆ. ಆದರೆ ಹಕ್ಕಿಯ ಹಿಂದೆ ಸೂರ್ಯನಿದ್ದರೆ ಚಿತ್ರದಲ್ಲಿ ಎಲ್ಲ ಕೊಕ್ಕೂ ಕಪ್ಪಾಗಿಯೇ ಮೂಡುವುದೆಂಬುದನ್ನು ಮರೆಯಬಾರದು.

ಆಗ ಉಳಿಯುವುದು ಹಾರಾಟ. ಒಂದು ಚಿತ್ರದಲ್ಲಿ ಅದು ಸಿಕ್ಕದು. ಬೆನ್ನುಬೆನ್ನಿಗೆ ತೆಗೆದ ನಾಲ್ಕೈದು ಚಿತ್ರಗಳು ಬೇಕು. ಕಡಲಕ್ಕಿಯು ಅಗಲವಾದ ರೆಕ್ಕೆಗಳನ್ನು ನಿಧಾನವಾಗಿ ಬಡಿಯುತ್ತ, ತೇಲುತ್ತ, ಮುಂದೆ ನೋಡುತ್ತ ಸಾಗುತ್ತದೆ. ಬೇಕೆನಿಸಿದಾಗ ನೀರಿನ ಮೇಲೆಯೇ ಕುಳಿತು ಈಜುತ್ತದೆ. ರೀವದ ರೆಕ್ಕೆ ಕಿರಿದು, ಚೂಪು. ಬೇಟೆಯಾಡುವಾಗ ಕೊಕ್ಕು ಕೆಳಮುಖ. ಅನೇಕ ರೀವಗಳು ಮೀನಿಗಾಗಿ ನೀರಿಗೆ ಧುಮುಕುತ್ತವೆ. ಕಡಲಕ್ಕಿ-ಕೊಕ್ಕಿನ ರೀವವು ಧುಮುಕುವುದು ಅಪರೂಪ. ಅದು ಕೆಸರುನೆಲದ ಮೇಲೆ ಹಾರಿ, ಥಟ್ಟನೆ ಇಳಿದು, ಏಡಿಯನ್ನೋ ಕೀಟವನ್ನೋ ಎತ್ತಿಕೊಂಡು ಮತ್ತೆ ಮೇಲೇರುತ್ತದೆ. ಅದು ಧುಮುಕಲಿಲ್ಲವೆಂದು ರೀವವಲ್ಲವೆನ್ನುವುದೂ ತಪ್ಪೇ. ಕಿರಿದಾದ ರೆಕ್ಕೆ, ಬಾಗಿದ ತಲೆ, ಕಪ್ಪು ಕಾಲು ಈ ಮೂರೂ ಕೂಡಿಬಂದರೆ, ಕೊಕ್ಕು ಎಷ್ಟೇ ದಪ್ಪವಿರಲಿ, ಆ ಹಕ್ಕಿ ರೀವವೇ.