ಉತ್ಕರ್ಷಣ ಸಂಖ್ಯೆಗಳನ್ನು ಕೂಡಿಸಿದರೆ ಯಾವಾಗಲೂ ಸೊನ್ನೆಯೇ ಬರಬೇಕೆ?

ನಾಗರಬಾವಿಯ ರಾಜಕಾಲುವೆ ನೀರು ಕೊನೆಗೆ ಸೇರುವುದು ವೃಷಭಾವತಿಯನ್ನು. ಇಂಥ ನೀರು ಎಷ್ಟು ಕೆಟ್ಟಿದೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಮಾಡುವ ಪರೀಕ್ಷೆಗಳಲ್ಲಿ ಒಂದು ಸಿಒಡಿ, ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆ. ನೀರಿನಲ್ಲಿರುವ ಕೊಳೆಯನ್ನು ಉತ್ಕರ್ಷಿಸಲು ಲೀಟರಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಎಂಬುದನ್ನು ಅದು ಹೇಳುತ್ತದೆ. ಈ ಲೆಕ್ಕದ ಬುಡದಲ್ಲಿರುವುದು ಪಿಯುಸಿಯಲ್ಲಿ ಕಲಿಯುವ ಉತ್ಕರ್ಷಣ ಸಂಖ್ಯೆ. ಅದರ ಸುತ್ತ ಒಂದು ತಪ್ಪು ತಿಳಿವಳಿಕೆಯೂ ಇದೆ: ಎಲ್ಲ ಸಂಖ್ಯೆಗಳನ್ನು ಕೂಡಿಸಿದರೆ ಸೊನ್ನೆ ಬಂದರೆ ಸರಿ, ಬರದಿದ್ದರೆ ತಪ್ಪು.

ನಿಯಮ ನಿಜವಾಗಿ ಏನು?

ಒಂದು ಕಣದಲ್ಲಿರುವ ಎಲ್ಲ ಪರಮಾಣುಗಳ ಉತ್ಕರ್ಷಣ ಸಂಖ್ಯೆಗಳ ಮೊತ್ತ ಆ ಕಣದ ಒಟ್ಟು ಆವೇಶಕ್ಕೆ ಸಮವಾಗಿರಬೇಕು. ನೀರಿನಂಥ ಆವೇಶವಿಲ್ಲದ ಅಣುವಿನಲ್ಲಿ ಮಾತ್ರ ಅದು ಸೊನ್ನೆ. ಅಯಾನಿನಲ್ಲಿ ಅಯಾನಿನ ಆವೇಶವೇ ಉತ್ತರ.

ಸಿಒಡಿ ಪರೀಕ್ಷೆಯಲ್ಲಿ ಬಳಸುವ ಡೈಕ್ರೋಮೇಟ್ ಅಯಾನನ್ನೇ ನೋಡೋಣ: Cr₂O₇²⁻. ಇದರಲ್ಲಿ ಪ್ರತಿ ಆಮ್ಲಜನಕಕ್ಕೆ −2. ಏಳು ಸೇರಿ −14. ಒಟ್ಟು ಆವೇಶ −2 ಆಗಬೇಕಾದರೆ ಎರಡು ಕ್ರೋಮಿಯಂ ಸೇರಿ +12 ಕೊಡಬೇಕು. ಹಾಗಾಗಿ ಒಂದೊಂದಕ್ಕೆ +6. ತಾಳೆ ನೋಡಿದರೆ 12 − 14 = −2, ಸರಿಯಾಗಿದೆ.

ಮೊತ್ತ ಸೊನ್ನೆ ಎಂದುಕೊಂಡವರಿಗೆ ಕ್ರೋಮಿಯಂ +7 ಎಂದು ಬರುತ್ತದೆ. 14 − 14 = 0 ಎಂದು ನೋಡಲು ಅಚ್ಚುಕಟ್ಟಾಗಿಯೂ ಇರುತ್ತದೆ. ಆದರೆ ಅಯಾನಿನ ತಲೆಯ ಮೇಲಿನ 2− ಅನ್ನು ಅವರು ಲೆಕ್ಕದಿಂದ ಬಿಟ್ಟಿರುತ್ತಾರೆ.

ಈ ಒಂದು ಅಂಕಿ ಎಲ್ಲಿಗೆ ಮುಟ್ಟುತ್ತದೆ?

ಪರೀಕ್ಷೆಯಲ್ಲಿ ನೀರಿನ ಮಾದರಿಯನ್ನು ಡೈಕ್ರೋಮೇಟ್ ಮತ್ತು ಗಂಧಕಾಮ್ಲದೊಂದಿಗೆ ಎರಡು ಗಂಟೆ ಕುದಿಸುತ್ತಾರೆ. ಕೊಳೆಯನ್ನು ಉತ್ಕರ್ಷಿಸಿ ಉಳಿದ ಡೈಕ್ರೋಮೇಟ್ ಎಷ್ಟೆಂದು ಫೆರಸ್ ಅಮೋನಿಯಂ ಸಲ್ಫೇಟ್ ದ್ರಾವಣದಿಂದ ಟೈಟ್ರೇಷನ್ ಮಾಡಿ ಕಂಡುಹಿಡಿಯುತ್ತಾರೆ. ಅಲ್ಲಿ ನಡೆಯುವ ಕ್ರಿಯೆ ಇದು:

Cr₂O₇²⁻ + 14H⁺ + 6Fe²⁺ → 2Cr³⁺ + 6Fe³⁺ + 7H₂O

ಪ್ರತಿ ಕ್ರೋಮಿಯಂ +6ರಿಂದ +3ಕ್ಕೆ ಇಳಿಯುತ್ತದೆ. ಎರಡರ ಒಟ್ಟು ಇಳಿಕೆ 6. ಪ್ರತಿ ಕಬ್ಬಿಣ +2ರಿಂದ +3ಕ್ಕೆ ಏರುತ್ತದೆ. ಹಾಗಾಗಿ ಆರು ಕಬ್ಬಿಣದ ಅಯಾನುಗಳು ಬೇಕು. ಕ್ರೋಮಿಯಂ +7 ಎಂದು ಹಿಡಿದರೆ ಇಳಿಕೆ 8 ಆಗಿ, ಎಂಟು ಕಬ್ಬಿಣ ಬೇಕೆಂದು ಲೆಕ್ಕ ಹೇಳುತ್ತದೆ.

ಫೆರಸ್ ದ್ರಾವಣದ ಸಾಂದ್ರತೆಯನ್ನು ತಿಳಿದ ಪ್ರಮಾಣದ ಡೈಕ್ರೋಮೇಟಿನಿಂದಲೇ ನಿರ್ಧರಿಸುತ್ತಾರೆ. 0.0417 ಮೋಲಾರ್ ಡೈಕ್ರೋಮೇಟ್ 10 ಮಿ.ಲೀ.ಗೆ 25 ಮಿ.ಲೀ. ಫೆರಸ್ ದ್ರಾವಣ ಖರ್ಚಾಯಿತು ಎನ್ನೋಣ. ಆರರ ಲೆಕ್ಕದಲ್ಲಿ ಅದರ ಸಾಂದ್ರತೆ 0.100 ಮೋಲಾರ್. ಎಂಟರ ಲೆಕ್ಕದಲ್ಲಿ 0.133.

ಈಗ 20 ಮಿ.ಲೀ. ಮಾದರಿಗೆ, ಶುದ್ಧ ನೀರಿಗೆ ಬೇಕಾದದ್ದಕ್ಕಿಂತ 5.25 ಮಿ.ಲೀ. ಕಡಿಮೆ ಫೆರಸ್ ದ್ರಾವಣ ಸಾಕಾಯಿತು ಎಂದುಕೊಳ್ಳೋಣ. ಆ 5.25 ಅನ್ನು ಸಾಂದ್ರತೆಯಿಂದ ಮತ್ತು 8000ದಿಂದ ಗುಣಿಸಿ, ಮಾದರಿಯ 20 ಮಿ.ಲೀ.ನಿಂದ ಭಾಗಿಸಿದರೆ ಸಿಒಡಿ ಸಿಗುತ್ತದೆ. ಸರಿಯಾದ ಸಾಂದ್ರತೆಯಲ್ಲಿ ಉತ್ತರ ಲೀಟರಿಗೆ 210 ಮಿ.ಗ್ರಾಂ. ತಪ್ಪು ಸಾಂದ್ರತೆಯಲ್ಲಿ ಸುಮಾರು 280. ಕೊಳಚೆ ನೀರನ್ನು ನದಿ, ಕೆರೆಗಳಿಗೆ ಬಿಡಲು ಪರಿಸರ ಸಂರಕ್ಷಣಾ ನಿಯಮಗಳಲ್ಲಿರುವ ಸಾಮಾನ್ಯ ಮಿತಿ 250. ಮಿತಿಯೊಳಗಿದ್ದ ನೀರು ಕಾಗದದ ಮೇಲೆ ಮಿತಿ ಮೀರಿಬಿಡುತ್ತದೆ.

ಎರಡನೇ ತಾಳೆ

ಒಂದೊಂದು ಕಣವನ್ನೂ ಪ್ರತ್ಯೇಕವಾಗಿ ನೋಡಿದ ಮೇಲೆ ಇಡೀ ಸಮೀಕರಣದ ಎರಡೂ ಕಡೆಯ ಆವೇಶವನ್ನು ಕೂಡಿಸಬೇಕು. ಮೇಲಿನ ಸಮೀಕರಣದಲ್ಲಿ ಎಡಕ್ಕೆ −2 + 14 + 12 = 24. ಬಲಕ್ಕೆ 6 + 18 = 24. ಆರು ಕಬ್ಬಿಣದ ಬದಲು ಎಂಟು ಹಾಕಿದರೆ ಎಡಕ್ಕೆ 28, ಬಲಕ್ಕೆ 30 ಬರುತ್ತದೆ. ಮೊದಲ ಹಂತದಲ್ಲಿ ಕಣ್ಣು ತಪ್ಪಿಸಿದ +7 ಇಲ್ಲಿ ಸಿಕ್ಕಿಬೀಳುತ್ತದೆ.

ಮೊತ್ತ ಸರಿಯಾದರೆ ಎಲ್ಲವೂ ಸರಿಯೆ?

ಅಲ್ಲ. ಆಮ್ಲ ಬೆರೆಸಿದ ಡೈಕ್ರೋಮೇಟಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ CrO₅ ಎಂಬ ಕಡುನೀಲಿ ಸಂಯುಕ್ತ ಉಂಟಾಗುತ್ತದೆ. ಎಲ್ಲ ಆಮ್ಲಜನಕಕ್ಕೂ −2 ಕೊಟ್ಟರೆ ಕ್ರೋಮಿಯಂ +10 ಆಗುತ್ತದೆ. ಮೊತ್ತವೂ ಸೊನ್ನೆಯೇ, ಅಣುವಿಗೆ ಆವೇಶವೂ ಇಲ್ಲ. ಆದರೂ ಉತ್ತರ ತಪ್ಪು. ಕ್ರೋಮಿಯಂನ ಬಳಿ ಬಂಧಕ್ಕೆ ಬಳಸಬಲ್ಲ ಎಲೆಕ್ಟ್ರಾನುಗಳಿರುವುದೇ ಆರು, ಹತ್ತನ್ನು ಕೊಡಲು ಅದರಿಂದ ಆಗದು. ಇಲ್ಲಿ ನಾಲ್ಕು ಆಮ್ಲಜನಕಗಳು ಪೆರಾಕ್ಸೈಡಿನಂತೆ ಜೋಡಿಯಾಗಿವೆ, ಅವಕ್ಕೆ −1 ಮಾತ್ರ. ಉಳಿದ ಒಂದಕ್ಕೆ −2. ಆಗ ಕ್ರೋಮಿಯಂ +6 ಎಂದು ಬರುತ್ತದೆ: 6 − 4 − 2 = 0.

ಹೀಗಾಗಿ ಮೊತ್ತ ಆವೇಶಕ್ಕೆ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದು ಖಚಿತವಾಗಿ ಹೇಳಬಹುದು. ಹೊಂದಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಬಂದ ಸಂಖ್ಯೆ ಆ ಧಾತುವಿಗೆ ಸಾಧ್ಯವೇ?