ಗೆರೆ ಎಲ್ಲಿ ನಿಲ್ಲುತ್ತದೆ?

ವಿದ್ಯಾರ್ಥಿವೇತನಕ್ಕೋ ವಸತಿ ಯೋಜನೆಗೋ ತುಂಬಿಕೊಡುವ ಅರ್ಜಿ ನಮೂನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಪುಟದ ತುಂಬ ಮೂರು ಕಾಲಂಗಳ ಕೋಷ್ಟಕ. ಎಡಕ್ಕೆ ಕ್ರಮಸಂಖ್ಯೆ, ನಡುವೆ ವಿವರ, ಬಲಕ್ಕೆ ಅರ್ಜಿದಾರರು ಬರೆಯಬೇಕಾದ ಜಾಗ. ಹೆಸರು, ತಂದೆಯ ಹೆಸರು, ವಿಳಾಸ ಎಂದು ಹತ್ತನೆಯ ಸಾಲಿನವರೆಗೆ ಎಲ್ಲ ಸಲೀಸು. ಹನ್ನೊಂದನೆಯ ಸಾಲಿಗೆ ಬಂದಾಗ 'ಕುಟುಂಬದ ಸದಸ್ಯರ ವಿವರ' ಎಂಬ ಪ್ರಶ್ನೆ ಇದೆ, ಅದರ ಬಲಗಡೆಯ ಮನೆಯೊಳಗೇ ಇನ್ನೊಂದು ಪುಟ್ಟ ಕೋಷ್ಟಕ ಕೂತಿದೆ. ಹೆಸರು, ವಯಸ್ಸು, ಸಂಬಂಧ, ವಾರ್ಷಿಕ ಆದಾಯ ಎಂದು ನಾಲ್ಕು ಕಾಲಂ. ಶೀರ್ಷಿಕೆಯದೊಂದು ಸಾಲು, ಅದರ ಕೆಳಗೆ ನಾಲ್ಕು ಜನರಿಗೆ ನಾಲ್ಕು ಸಾಲು. ಓದುವವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಆದರೆ ಈ ಪುಟವನ್ನು ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿಗೆ ಸಿಗುವುದು ಕಪ್ಪು ಬಿಳಿ ಚುಕ್ಕೆಗಳು ಮಾತ್ರ. ಆ ಚುಕ್ಕೆಗಳಿಂದ 'ಇದು ಕೋಷ್ಟಕದೊಳಗಿನ ಕೋಷ್ಟಕ' ಎಂದು ಅದು ಹೇಗೆ ಅರಿಯಬೇಕು? ಗೆರೆಗಳು ಎಲ್ಲೆಲ್ಲಿ ಇವೆ ಎಂದು ಹುಡುಕಿದರೆ ಇದಕ್ಕೆ ಅರ್ಧ ಉತ್ತರವಷ್ಟೇ ಸಿಗುತ್ತದೆ; ಪ್ರತಿ ಗೆರೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಿದಾಗಲೇ ಉಳಿದರ್ಧ ತಿಳಿಯುತ್ತದೆ ಎಂಬುದು ಈ ಲೇಖನದ ವಾದ.

ಒಳಕೋಷ್ಟಕವನ್ನು ಗುರುತಿಸದೇ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಕೋಷ್ಟಕ ಓದುವ ಸರಳ ತಂತ್ರಾಂಶ ಪುಟದಲ್ಲಿರುವ ಎಲ್ಲ ಉದ್ದಗೆರೆಗಳನ್ನೂ ಎಲ್ಲ ಅಡ್ಡಗೆರೆಗಳನ್ನೂ ಒಟ್ಟಿಗೆ ಹಾಕಿ ಒಂದೇ ಬಲೆ ಹೆಣೆಯುತ್ತದೆ. ಹೊರಗಿನ ಮೂರು ಕಾಲಂ, ಒಳಗಿನ ನಾಲ್ಕು ಕಾಲಂ ಸೇರಿ ಆರು ಕಾಲಂಗಳ ಹಾಳೆಯಾಗುತ್ತದೆ. ಹತ್ತನೆಯ ಪ್ರಶ್ನೆಯ ಉತ್ತರ ಮೂರನೆಯ ಕಾಲಂನಲ್ಲಿ ಸರಿಯಾಗಿಯೇ ಇರುತ್ತದೆ. ಹನ್ನೊಂದನೆಯದಕ್ಕೆ ಮಾತ್ರ ಅದೇ ಮೂರನೆಯ ಕಾಲಂನಲ್ಲಿ ಸಿಗುವ ಉತ್ತರ 'ಹೆಸರು' ಎಂಬ ಪದ! ಅದು ಒಳಕೋಷ್ಟಕದ ಶೀರ್ಷಿಕೆ. ಅದರ ಕೆಳಗಿನ ನಾಲ್ಕು ಸಾಲುಗಳಿಗೆ ಕ್ರಮಸಂಖ್ಯೆಯೇ ಇಲ್ಲವಾದ್ದರಿಂದ, ಕ್ರಮಸಂಖ್ಯೆ ಇಲ್ಲದ ಸಾಲನ್ನು ಬಿಟ್ಟುಬಿಡುವ ಮುಂದಿನ ಹಂತ ನಾಲ್ಕೂ ಜನರನ್ನು ಸದ್ದಿಲ್ಲದೆ ಅಳಿಸಿಬಿಡುತ್ತದೆ. ಅಕ್ಷರ ಓದುವಿಕೆಯಲ್ಲಿ ಒಂದೂ ತಪ್ಪಾಗಿರುವುದಿಲ್ಲ, ಆದರೂ ಕುಟುಂಬವೇ ಕಾಣೆಯಾಗಿರುತ್ತದೆ. ಅಕ್ಷರ ತಪ್ಪಾದರೆ ಓದಿದವರಿಗೆ ಕಾಣುತ್ತದೆ. ರಚನೆ ತಪ್ಪಾದಾಗ ಉಳಿಯುವ ಹಾಳೆ ಅಚ್ಚುಕಟ್ಟಾಗಿಯೇ ತೋರುತ್ತದೆ. ಅದಕ್ಕೇ ಈ ತಪ್ಪು ಹೆಚ್ಚು ಅಪಾಯದ್ದು.

ಈಗ ಸರಿಯಾದ ದಾರಿ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 2480 ಚುಕ್ಕೆ ಅಗಲ, 3508 ಚುಕ್ಕೆ ಎತ್ತರದ ಚಿತ್ರ ಬರುತ್ತದೆ. ಮೊದಲ ಕೆಲಸ ಅದರ ಓರೆಯನ್ನು ತಿದ್ದುವುದು. ಹಾಳೆ ಒಂದೇ ಒಂದು ಡಿಗ್ರಿ ವಾಲಿದರೂ ಎಡತುದಿಯಿಂದ ಬಲತುದಿಗೆ ಹೋಗುವಷ್ಟರಲ್ಲಿ ಗೆರೆ 43 ಚುಕ್ಕೆ ಕೆಳಗಿಳಿದಿರುತ್ತದೆ. ಒಳಕೋಷ್ಟಕದ ಒಂದು ಸಾಲಿನ ಎತ್ತರ 100 ಚುಕ್ಕೆ, ಅಂದರೆ ಎಂಟೂವರೆ ಮಿಲಿಮೀಟರ್ ಎಂದುಕೊಂಡರೆ, ಇದು ಹತ್ತಿರಹತ್ತಿರ ಅರ್ಧ ಸಾಲಿನ ವ್ಯತ್ಯಾಸ. ಓರೆ ತಿದ್ದಿದ ಮೇಲೆ, ಒಂದೇ ನೇರದಲ್ಲಿ ಬಿಡದೆ ಸಾಗುವ ಕಪ್ಪು ಚುಕ್ಕೆಗಳ ಸಾಲನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಅಳಿಸಿದರೆ ಗೆರೆಗಳ ಚಿತ್ರ ಸಿಗುತ್ತದೆ. ನಮ್ಮ ನಮೂನೆಯ ಹೊರಕೋಷ್ಟಕ ಎಡದಿಂದ 200ನೇ ಚುಕ್ಕೆಗೆ ಶುರುವಾಗಿ 2280ಕ್ಕೆ ಮುಗಿಯುತ್ತದೆ, ಎತ್ತರ 2800 ಚುಕ್ಕೆ ಎಂದಿಟ್ಟುಕೊಳ್ಳೋಣ. ಹನ್ನೊಂದನೆಯ ಸಾಲಿನ ಎತ್ತರ 500. ವಯಸ್ಸಿನ ಕಾಲಂ ಅನ್ನು ಬೇರ್ಪಡಿಸುವ ಉದ್ದಗೆರೆ ಈ 500 ಚುಕ್ಕೆಗಳಲ್ಲಷ್ಟೇ ಇದೆ. ಇಡೀ ಕೋಷ್ಟಕದ ಎತ್ತರಕ್ಕೆ ಹೋಲಿಸಿದರೆ ಅದು ಶೇಕಡ 18 ಮಾತ್ರ. ಆದರೆ ಹನ್ನೊಂದನೆಯ ಸಾಲಿನ ಬಲಮನೆಗೆ ಹೋಲಿಸಿದರೆ ಪೂರಾ ನೂರು. ಹೊರಗಿನಿಂದ ತುಂಡು ಗೆರೆಯಾಗಿ ಕಾಣುವುದೇ ಒಳಗೆ ಹೊಕ್ಕು ನೋಡಿದಾಗ ಮೇಲಿಂದ ಕೆಳಗಿನವರೆಗಿನ ಗೋಡೆ. ಆದ್ದರಿಂದ ನಿಯಮ ಇಷ್ಟು: ಯಾವ ಜಾಗವನ್ನು ನೋಡುತ್ತಿದ್ದೇವೋ ಆ ಜಾಗದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮುಟ್ಟುವ ಗೆರೆಗಳನ್ನು ಮಾತ್ರ ಗೋಡೆ ಎಂದು ಒಪ್ಪಬೇಕು, ಅವುಗಳಿಂದ ಮನೆಗಳನ್ನು ಮಾಡಬೇಕು, ಆಮೇಲೆ ಪ್ರತಿ ಮನೆಯೊಳಗೂ ಹೊಕ್ಕು ಇದೇ ಕೆಲಸವನ್ನು ಮೊದಲಿನಿಂದ ಮಾಡಬೇಕು. ಪುಟವನ್ನು ಹೀಗೆ ಅಡ್ಡಕ್ಕೂ ಉದ್ದಕ್ಕೂ ಸೀಳುತ್ತಾ ಒಂದು ಮರದ ರೂಪಕ್ಕೆ ತರುವ ವಿಧಾನವನ್ನು ಜಾರ್ಜ್ ನಾಗಿ ಮತ್ತು ಶರದ್ ಸೇಠ್ 1984ರಲ್ಲೇ ವಿವರಿಸಿದ್ದರು. ಅವರು ಸೀಳಿದ್ದು ಅಕ್ಷರಗಳ ನಡುವಿನ ಬಿಳಿ ಜಾಗವನ್ನು ಹಿಡಿದು, ನಾವಿಲ್ಲಿ ಕಪ್ಪು ಗೆರೆಯನ್ನು ಹಿಡಿದು ಸೀಳುತ್ತಿದ್ದೇವೆ.

ಉದ್ದ ಅಳೆದರೆ ಕೆಲಸ ಮುಗಿಯಿತಲ್ಲ, ಗೆರೆಯ ತುದಿ ಏಕೆ ನೋಡಬೇಕು ಎಂದು ಕೇಳಬಹುದು. ಜೆರಾಕ್ಸ್‌ನ ಜೆರಾಕ್ಸ್ ಆಗಿ ಬಂದ ನಮೂನೆಯಲ್ಲಿ ಯಾವ ಗೆರೆಯೂ ಇಡಿಯಾಗಿ ಉಳಿದಿರುವುದಿಲ್ಲ. ಹೀಗಾಗಿ ಶೇಕಡ 90ರಷ್ಟು ಕಂಡರೂ ಪೂರ್ತಿ ಗೆರೆ ಎಂದು ಒಪ್ಪುವ ಸಡಿಲಿಕೆ ಕೊಡಲೇಬೇಕಾಗುತ್ತದೆ. ಒಳಕೋಷ್ಟಕ ಬಲಮನೆಯಲ್ಲಿ ಮಾತ್ರ ಇದ್ದರೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅದರ ಅಡ್ಡಗೆರೆ 1280 ಚುಕ್ಕೆ, ಹೊರ ಅಗಲದ ಶೇಕಡ 62. ಆದರೆ ಎಷ್ಟೋ ನಮೂನೆಗಳಲ್ಲಿ ಕ್ರಮಸಂಖ್ಯೆಯ ಸಣ್ಣ ಕಾಲಂ ಒಂದನ್ನು ಬಿಟ್ಟು ಉಳಿದ ಅಗಲವನ್ನೆಲ್ಲ ಒಳಕೋಷ್ಟಕವೇ ತೆಗೆದುಕೊಂಡಿರುತ್ತದೆ. ಕ್ರಮಸಂಖ್ಯೆಯ ಕಾಲಂ 130 ಚುಕ್ಕೆ ಅಗಲವಿದ್ದರೆ ಒಳಗೆರೆ 1950 ಚುಕ್ಕೆ, ಶೇಕಡ 94 ಆಗುತ್ತದೆ. ಮಾಸಿಹೋದ ಹೊರಗೆರೆಗೂ ಗಟ್ಟಿಯಾದ ಒಳಗೆರೆಗೂ ಉದ್ದದಲ್ಲಿ ವ್ಯತ್ಯಾಸವೇ ಇಲ್ಲ. ಇಲ್ಲಿ ತುದಿ ಸಾಕ್ಷಿ ನುಡಿಯುತ್ತದೆ. ಮಾಸಿದ ಗೆರೆ ಬಿಳಿ ಜಾಗದ ನಡುವೆ ಎಲ್ಲೋ ಕರಗಿಹೋಗುತ್ತದೆ. ಒಳಗೆರೆ ಹಾಗಲ್ಲ, ಅದು ಕ್ರಮಸಂಖ್ಯೆಯ ಪಕ್ಕದ ಉದ್ದಗೆರೆಗೆ ಬಂದು ತಾಗಿ, ಅಲ್ಲೇ ನಿಲ್ಲುತ್ತದೆ. ಎರಡು ಗೆರೆ ಒಂದನ್ನೊಂದು ದಾಟಿದರೆ ನಾಲ್ಕು ದಾರಿಯ ಕೂಡು, ಒಂದು ಇನ್ನೊಂದಕ್ಕೆ ತಾಗಿ ನಿಂತರೆ ಮೂರು ದಾರಿಯ ಕೂಡು. ಹೊರ ಚೌಕಟ್ಟಿನದಲ್ಲದ ಒಂದೇ ಉದ್ದಗೆರೆಯ ಮೇಲೆ, ಒಂದೇ ಮಗ್ಗುಲಿಗೆ, ನಾಲ್ಕು ಮೂರುದಾರಿ ಕೂಡುಗಳು ಒಂದರ ಕೆಳಗೊಂದು ಸಿಕ್ಕವೆಂದರೆ ಆ ಮಗ್ಗುಲಿನಲ್ಲಿ ಒಳಕೋಷ್ಟಕವಿದೆ ಎಂದು ಧೈರ್ಯವಾಗಿ ಹೇಳಬಹುದು.

ಇಷ್ಟೆಲ್ಲ ಮಾಡುವ ಬದಲು ಸಿದ್ಧ ಉಪಕರಣ ಬಳಸಬಾರದೇ ಎಂಬ ಆಕ್ಷೇಪಕ್ಕೆ ತಾಳ್ಮೆಯಿಂದ ಉತ್ತರಿಸಬೇಕು. ಚಿತ್ರದಲ್ಲಿ ಯಾವ ಆಕಾರದೊಳಗೆ ಯಾವ ಆಕಾರವಿದೆ ಎಂದು ಹೇಳುವ ವಿಧಾನವನ್ನು ಸುಝುಕಿ ಮತ್ತು ಅಬೆ 1985ರಲ್ಲಿ ಪ್ರಕಟಿಸಿದರು. ಓಪನ್‌ಸಿವಿ ಎಂಬ ಉಚಿತ ತಂತ್ರಾಂಶ ಸಂಗ್ರಹದಲ್ಲಿ `findContours` ಎಂಬ ಆಜ್ಞೆಗೆ `RETR_TREE` ಎಂದು ಸೂಚಿಸಿದರೆ ಅದೇ ವಿಧಾನ ಕೆಲಸ ಮಾಡಿ, ತಾಯಿ ಯಾವುದು ಮಗು ಯಾವುದು ಎಂಬ ಪಟ್ಟಿಯನ್ನೇ ಕೊಡುತ್ತದೆ. ಒಳಕೋಷ್ಟಕ ತನ್ನದೇ ಚೌಕಟ್ಟಿನೊಂದಿಗೆ, ಹೊರಮನೆಯ ಗೋಡೆಯಿಂದ ಸ್ವಲ್ಪ ದೂರದಲ್ಲಿ ಬಿಡಿಯಾಗಿ ಕೂತಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಒಳಗೆರೆಗಳು ಹೊರಗೋಡೆಗೆ ತಾಗಿದ ಕೂಡಲೇ ಎಲ್ಲ ಗೆರೆಗಳೂ ಸೇರಿ ಒಂದೇ ಆಕಾರವಾಗುತ್ತವೆ. ಒಳಗಿನ ಮನೆ, ಹೊರಗಿನ ಮನೆ ಎರಡೂ ಅದರಲ್ಲಿನ ರಂಧ್ರಗಳಾಗಿ ಅಕ್ಕಪಕ್ಕದ ಒಡಹುಟ್ಟುಗಳಂತೆ ಬರುತ್ತವೆ. ಜಾಗ ಉಳಿಸಲು ಬಿಗಿಯಾಗಿ ಹೊಂದಿಸಿದ ನಮೂನೆಗಳಲ್ಲಿ ಹೀಗೆ ತಾಗಿಸಿ ಅಚ್ಚು ಮಾಡುವುದೇ ರೂಢಿ. ಖಾಲಿ ನಮೂನೆಯನ್ನು ಅಚ್ಚಾಗಿಟ್ಟುಕೊಂಡು ಅದರ ಮೇಲೆ ತುಂಬಿದ ಹಾಳೆಯನ್ನು ಹೊಂದಿಸಿದರೆ ಸಾಕು ಎಂಬುದು ಇನ್ನೊಂದು ಸಲಹೆ. ಎಲ್ಲ ಅರ್ಜಿಗಳೂ ಒಂದೇ ಮುದ್ರಣದವಾದರೆ ಇದು ಖಂಡಿತ ಉತ್ತಮ, ಅಲ್ಲಿ ಬೇರೆ ಯಾವ ವಿಧಾನವೂ ಬೇಡ. ಆದರೆ ಬೆರಳಚ್ಚಿನ ಅಂಗಡಿಯೊಂದು ಅದೇ ನಮೂನೆಯನ್ನು ನುಡಿ ತಂತ್ರಾಂಶದಲ್ಲಿ ಹೊಸದಾಗಿ ಟೈಪ್ ಮಾಡಿ ಒಂದು ಸಾಲು ಹೆಚ್ಚು ಹಾಕಿದರೆ, ಅಲ್ಲಿಂದ ಕೆಳಗಿನದೆಲ್ಲ ಜಾರುತ್ತದೆ.

ತರಬೇತಿ ಪಡೆದ ನರಜಾಲ ಮಾದರಿಗಳು ಇದನ್ನೆಲ್ಲ ತಾವೇ ಕಲಿಯುತ್ತವೆ ಎಂಬ ಮಾತು ಇದಕ್ಕಿಂತ ಬಲವಾದ ಆಕ್ಷೇಪ. ಅವು ಮಾಸಿದ ಗೆರೆಯನ್ನೂ ಗೆರೆಯೇ ಇಲ್ಲದ ಕೋಷ್ಟಕವನ್ನೂ ಚೆನ್ನಾಗಿ ಗುರುತಿಸುತ್ತವೆ, ಇದರಲ್ಲಿ ಅನುಮಾನವಿಲ್ಲ. ಆದರೆ ಅವು ಏನನ್ನು ಉತ್ತರವಾಗಿ ಹೇಳಬಲ್ಲವು ಎಂಬುದನ್ನು ಗಮನಿಸಬೇಕು. ಮೈಕ್ರೋಸಾಫ್ಟ್ ಸಂಶೋಧಕರ ಪಬ್‌ಟೇಬಲ್ಸ್-1ಎಂ ಎಂಬ ಸಂಗ್ರಹದಲ್ಲಿ ಹತ್ತಿರಹತ್ತಿರ ಹತ್ತು ಲಕ್ಷ ಕೋಷ್ಟಕಗಳಿವೆ. ಅವೆಲ್ಲ ವೈಜ್ಞಾನಿಕ ಲೇಖನಗಳಿಂದ ತೆಗೆದವು. ಅಲ್ಲಿ ಗುರುತಿಸಿರುವುದು ಸಾಲು, ಕಾಲಂ, ಶೀರ್ಷಿಕೆ, ಹಲವು ಸಾಲುಗಳಿಗೆ ಚಾಚಿದ ಮನೆ ಇಂಥವನ್ನು. ಮನೆಯೊಳಗೆ ಮತ್ತೊಂದು ಕೋಷ್ಟಕ ಎಂದು ಹೇಳಲು ಆ ಪಟ್ಟಿಯಲ್ಲಿ ಪದವೇ ಇಲ್ಲ. ಪದವಿಲ್ಲದ್ದನ್ನು ಎಷ್ಟು ಉದಾಹರಣೆ ತೋರಿಸಿದರೂ ಮಾದರಿ ಹೇಳಲಾರದು. ಸ್ಕ್ಯಾನ್ ಮಾಡಿದ ನಮೂನೆಗಳದೇ ಆದ ಫನ್ಸ್‌ಡ್ ಎಂಬ ಸಂಗ್ರಹದಲ್ಲಿರುವುದು 199 ಹಾಳೆ. ಅದನ್ನು ಏಳು ಭಾಷೆಗಳಿಗೆ ವಿಸ್ತರಿಸಿದಾಗ ಚೀನಿ, ಜಪಾನಿ, ಐದು ಯುರೋಪಿಯನ್ ಭಾಷೆಗಳು ಸೇರಿದವು, ಕನ್ನಡ ಸೇರಲಿಲ್ಲ. ಸದ್ಯಕ್ಕೆ ಹೊಂದುವ ದಾರಿಯೆಂದರೆ ಗೆರೆ ಗುರುತಿಸುವ ಕೆಲಸ ಮಾದರಿಗೆ, ಮನೆಯೊಳಗೆ ಹೊಕ್ಕು ಮರ ಕಟ್ಟುವ ಕೆಲಸ ಮೇಲಿನ ನಿಯಮಕ್ಕೆ.

ನಿಯಮವೂ ಎಡವುವ ಜಾಗವಿದೆ, ಮುಚ್ಚಿಡಬಾರದು. 'ವಾರ್ಷಿಕ ಆದಾಯ' ಎಂಬ ಶೀರ್ಷಿಕೆಯ ಕೆಳಗೆ ಕೃಷಿ, ಕೂಲಿ ಎಂದು ಎರಡು ಕಾಲಂ ಮಾಡಿದ್ದಾರೆ ಎನ್ನಿ. ಅವುಗಳ ನಡುವಿನ ಗೆರೆ ಶೀರ್ಷಿಕೆಯ ತಳಕ್ಕೆ ತಾಗಿ ನಿಲ್ಲುತ್ತದೆ. ನಮ್ಮ ನಿಯಮ ಪ್ರತಿ ಸದಸ್ಯರ ಆದಾಯದ ಮನೆಯಲ್ಲೂ ಎರಡು ಮನೆಯ ಪುಟ್ಟ ಒಳಕೋಷ್ಟಕವಿದೆ ಎಂದು ನಾಲ್ಕು ಸಲ ಹೇಳುತ್ತದೆ. ಇದು ಒಳಕೋಷ್ಟಕವಲ್ಲ, ಕವಲೊಡೆದ ಶೀರ್ಷಿಕೆ. ಒಂದರ ಕೆಳಗೊಂದಿರುವ ಎಲ್ಲ ಮನೆಗಳೂ ಅದೇ ನೇರದಲ್ಲಿ ಸೀಳಿದ್ದರೆ ಅವನ್ನು ಕಾಲಂಗಳಾಗಿ ಒಟ್ಟುಗೂಡಿಸಬೇಕು. ಒಂದೇ ಮನೆ ಸೀಳಿದ್ದರೆ, ಅದರ ಮೊದಲ ಸಾಲಿನಲ್ಲಿ ಅಚ್ಚಾದ ಪದಗಳಿದ್ದರೆ, ಆಗ ಒಳಕೋಷ್ಟಕ ಎನ್ನಬೇಕು.

ಗೆರೆಗಳ ಕೆಲಸ ಮುಗಿದು ಅವನ್ನು ಅಳಿಸುವಾಗ ಕನ್ನಡದಂಥ ಲಿಪಿಗಳಿಗೆ ವಿಶೇಷವಾದ ಒಂದು ಪೆಟ್ಟು ಬೀಳುತ್ತದೆ. ದೇವನಾಗರಿಯಲ್ಲಿ ಪದದ ತಲೆಯ ಮೇಲಿನ ಗೆರೆಯನ್ನೇ ಕೋಷ್ಟಕದ ಗೆರೆ ಎಂದು ತಿಳಿಯುವ ಭಯವಿದೆ. ನಮ್ಮ ತಲೆಕಟ್ಟು ಅಕ್ಷರಕ್ಕೊಂದು ಬಿಡಿಬಿಡಿಯಾಗಿರುವುದರಿಂದ ಆ ಭಯ ಕಡಿಮೆ. ನಮಗೆ ಕಷ್ಟ ಕಾಲಡಿಯಲ್ಲಿ. ಸಂಬಂಧದ ಕಾಲಂನಲ್ಲಿ ಬರುವ ಪದಗಳನ್ನು ನೋಡಿ: ಅಮ್ಮ, ಅಕ್ಕ, ಅಣ್ಣ, ಪತ್ನಿ. ಪ್ರತಿಯೊಂದರಲ್ಲೂ ಒತ್ತಕ್ಷರ ಇದೆ, ಎಂಟೂವರೆ ಮಿಲಿಮೀಟರಿನ ಸಾಲಿನಲ್ಲಿ ಕೈಬರಹದ ಒತ್ತು ತಳದ ಗೆರೆಯ ಮೇಲೆ ಕೂರುತ್ತದೆ ಇಲ್ಲವೇ ಅದನ್ನು ದಾಟಿ ಕೆಳಮನೆಗೆ ಇಳಿಯುತ್ತದೆ. ನಾಲ್ಕೈದು ಚುಕ್ಕೆ ದಪ್ಪದ ಗೆರೆಯನ್ನು ಒರೆಸಿದಾಗ ಒತ್ತು ತುಂಡಾಗುತ್ತದೆ: ಮೇಲುಮನೆಯಲ್ಲಿ 'ಅಕ' ಉಳಿಯುತ್ತದೆ, ಕೆಳಮನೆಯವರ ತಲೆಯ ಮೇಲೆ ಅರ್ಥವಿಲ್ಲದ ಒಂದು ಗೀಟು ಬೀಳುತ್ತದೆ. ಇದಕ್ಕೆ ಪರಿಹಾರ, ಗೆರೆಯ ಮೇಲೂ ಕೆಳಗೂ ನೇರದಲ್ಲಿ ಶಾಯಿ ಇರುವ ಕಡೆ ಗೆರೆಯನ್ನು ಒರೆಸದೆ ಬಿಡುವುದು, ಆಮೇಲೆ ಆ ಅಕ್ಷರದ ಹೆಚ್ಚಿನ ಭಾಗ ಯಾವ ಮನೆಯಲ್ಲಿದೆಯೋ ಆ ಮನೆಗೇ ಇಡೀ ಅಕ್ಷರವನ್ನು ಸೇರಿಸುವುದು.

ಕೊನೆಗೆ ಬಂದ ಉತ್ತರ ಸರಿಯೇ ಎಂದು ತಿಳಿಯಲು ನಮೂನೆಯೊಳಗೇ ಒರೆಗಲ್ಲು ಇದೆ. ಹನ್ನೆರಡನೆಯ ಸಾಲು ಸಾಮಾನ್ಯವಾಗಿ 'ಕುಟುಂಬದ ಒಟ್ಟು ಆದಾಯ' ಕೇಳುತ್ತದೆ. ಒಳಕೋಷ್ಟಕದ ಆದಾಯದ ಕಾಲಂನಲ್ಲಿ 60,000, 24,000, ಎರಡು ಅಡ್ಡಗೀಟು ಸಿಕ್ಕಿ, ಹನ್ನೆರಡರಲ್ಲಿ 84,000 ಇದ್ದರೆ ರಚನೆಯೂ ಅಂಕಿಯೂ ಒಟ್ಟಿಗೆ ಗಟ್ಟಿಯಾದಂತೆ. ಹನ್ನೆರಡರಲ್ಲಿ 84,000 ಇದ್ದು ಒಳಗೆ 60,000 ಮಾತ್ರ ಸಿಕ್ಕರೆ ಒಂದು ಸಾಲು ಎಲ್ಲೋ ಜಾರಿದೆ ಎಂದು ಅನುಮಾನಿಸಬೇಕು. ಅರ್ಜಿದಾರರೇ ಕೂಡುವಾಗ ತಪ್ಪಿರಲೂಬಹುದು, ಆದ್ದರಿಂದ ತಂತ್ರಾಂಶ ತಾನಾಗಿ ಅಂಕಿ ತಿದ್ದಕೂಡದು. ಹನ್ನೊಂದನೆಯ ಸಾಲಿನ ಬಲಮನೆಯ ಚಿತ್ರವನ್ನಷ್ಟೇ ಕತ್ತರಿಸಿ, ತಾನು ಓದಿದ್ದನ್ನು ಪಕ್ಕದಲ್ಲಿಟ್ಟು, ಗುಮಾಸ್ತರ ಕಣ್ಣಿಗೆ ಒಪ್ಪಿಸಬೇಕು.