ಹಲಗೆಯ ಪೆಟ್ಟಿಗೂ ಒಡೆಯದ ದನಿ

ಕಲಬುರಗಿ ಸೀಮೆ ತತ್ವಪದದ ನಾಡು. ಸೇಡಂ ತಾಲ್ಲೂಕಿನ ಕೋಡ್ಲಾದ ಗುಡಿಕಟ್ಟೆಯ ಮೇಲೆ ಹಿರಿಯರೊಬ್ಬರು ಏಕತಾರಿ ಹಿಡಿದು ಮೆಲುದನಿಯಲ್ಲಿ ಹಾಡುತ್ತಿದ್ದಾರೆ, ಎದುರಿಗೆ ಅಂಗೈಯಗಲದ ರೆಕಾರ್ಡರ್ ಇದೆ ಎಂದುಕೊಳ್ಳಿ. ಹಾಡಿನ ಮಧ್ಯೆ ಪಕ್ಕದಲ್ಲೇ ಹಲಗೆ ಬಡಿಯುತ್ತದೆ. ಹಾಡು ಮೈಕಿಗೆ ಸುಮಾರು 70 ಡೆಸಿಬೆಲ್‌ನಲ್ಲಿ ಮುಟ್ಟುತ್ತಿದ್ದರೆ ಹಲಗೆಯ ಪೆಟ್ಟು 110 ಮುಟ್ಟಬಹುದು. ಗಾಳಿಯ ಒತ್ತಡದ ಲೆಕ್ಕದಲ್ಲಿ ಇದು ನೂರು ಪಟ್ಟು ಹೆಚ್ಚು.

ಹಾಡಿಗೆ ಸರಿಹೋಗುವಂತೆ ಗೇನ್ ಇಟ್ಟಾಗ ಅದರ ದನಿ 0.1ರ ಮಟ್ಟದಲ್ಲಿ ದಾಖಲಾಗುತ್ತಿದೆ ಎನ್ನೋಣ. ಆಗ ಹಲಗೆಯ ಪೆಟ್ಟು 10 ಆಗಬೇಕು. ಆದರೆ 24-ಬಿಟ್ ಕಡತದಲ್ಲಿ ಗರಿಷ್ಠ ಮಿತಿ 1. ಅದನ್ನು ಮೀರಿದ್ದೆಲ್ಲ 1 ಎಂದೇ ದಾಖಲಾಗಿ, ಅಲೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಕಳೆದುಹೋದ ಆ ತುದಿಯನ್ನು ಆಮೇಲೆ ಮರಳಿ ಪಡೆಯಲಾಗದು. ಹಲಗೆಗೆ ಹೊಂದುವಂತೆ ಮೊದಲೇ ಗೇನ್ ಇಳಿಸಿದರೆ ಹಾಡು ತೀರಾ ಸಣ್ಣದಾಗುತ್ತದೆ. ಅದನ್ನು ಎತ್ತುವಾಗ ಉಪಕರಣದ ಸುಯ್ ಎಂಬ ಸದ್ದೂ ಏಳುತ್ತದೆ.

ಈ ತೊಡಕನ್ನು ನೀಗುವುದು 32-ಬಿಟ್ ಫ್ಲೋಟ್ ಕಡತ. ಅದರಲ್ಲಿ ಸಂಖ್ಯೆ ಬರೆಯುವ ಬಗೆಯೇ ಬೇರೆ. 1 ಬಿಟ್ ಧನ-ಋಣ ಚಿಹ್ನೆಗೆ, 23 ಬಿಟ್ ಸಂಖ್ಯೆಯ ಅಂಕಿಗಳಿಗೆ, ಉಳಿದ 8 ಬಿಟ್ ಆ ಸಂಖ್ಯೆ ಎಷ್ಟು ದೊಡ್ಡದು ಎಂದು ಹೇಳಲು. ಹೀಗಾಗಿ 0.1 ಕೂಡ, 10 ಕೂಡ ಒಂದೇ ನಿಖರತೆಯಲ್ಲಿ ಕಡತ ಸೇರುತ್ತವೆ. ಕಂಪ್ಯೂಟರಿನಲ್ಲಿ ತೆರೆದಾಗ ಹಲಗೆಯ ಭಾಗ ಒಡೆದಂತೆ ಕೇಳಿಸುತ್ತದೆ. ಆ ಭಾಗವನ್ನಷ್ಟೇ ಆರಿಸಿ 21 ಡೆಸಿಬೆಲ್ ಇಳಿಸಿದರೆ ಪೆಟ್ಟಿನ ದುಂಡನೆಯ ತುದಿ ಮತ್ತೆ ಕಾಣುತ್ತದೆ.

ಆದರೆ ಬರೆಯುವ ಬಗೆ ಬದಲಾದರೆ ಸಾಲದು. ದನಿಯನ್ನು ಅಳೆಯುವ ಭಾಗಕ್ಕೂ ಅಷ್ಟು ಹರವು ಬೇಕು. ಅದಕ್ಕೇ 2019ರ ಝೂಮ್ ಎಫ್6ನಂಥ ರೆಕಾರ್ಡರ್‌ಗಳು ಪ್ರತಿ ಮೈಕಿಗೂ ಎರಡು ಪರಿವರ್ತಕಗಳನ್ನು ಇಟ್ಟುಕೊಂಡಿವೆ. ಒಂದು ಮೆಲುದನಿಯನ್ನು, ಇನ್ನೊಂದು ಅಬ್ಬರವನ್ನು ಅಳೆಯುತ್ತದೆ. ಎರಡೂ ಬೆಸೆದು ಒಂದೇ ಕಡತವಾಗುತ್ತದೆ. 2024ರ ಝೂಮ್ ಎಚ್1ಎಸೆನ್ಶಿಯಲ್‌ನಲ್ಲಂತೂ ಗೇನ್ ಗುಂಡಿಯೇ ಇಲ್ಲ.

ಇದಕ್ಕೂ ಮಿತಿಯಿದೆ. ಮೈಕೇ ತಾಳಲಾರದಷ್ಟು ಸದ್ದು ಬಂದರೆ ಅಲೆ ರೆಕಾರ್ಡರ್ ತಲುಪುವ ಮೊದಲೇ ಒಡೆದಿರುತ್ತದೆ. ಕಡತದ ಮಟ್ಟ ಇಳಿಸಿದ ಮೇಲೂ ತುದಿ ಚಪ್ಪಟೆಯಾಗಿಯೇ ಉಳಿದರೆ ತಪ್ಪು ಮೈಕಿನದೋ ಅದರ ಹಿಂದಿನ ವರ್ಧಕದ್ದೋ ಎಂದು ತಿಳಿಯಬೇಕು. ಬೀಸುಗಾಳಿಯ ಗುಡುಗನ್ನೂ ದೂರದ ಗದ್ದಲವನ್ನೂ ಫ್ಲೋಟ್ ಅಳಿಸದು. ಕಡತವೂ 24-ಬಿಟ್‌ಗಿಂತ ಮೂರನೇ ಒಂದರಷ್ಟು ದೊಡ್ಡದು.

ಆದ್ದರಿಂದ ಹಳ್ಳಿಯ ಹಾಡು ದಾಖಲಿಸಲು ಹೊರಟವರು ಮೈಕನ್ನು ಹಾಡುಗಾರರ ಹತ್ತಿರವಿಟ್ಟು, ಗಾಳಿತಡೆ ತೊಡಿಸಿ, ಆರಂಭದಲ್ಲೇ ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಕೊನೆಗೆ ಎಂಪಿ3 ಮಾಡುವ ಮುನ್ನ ಮಟ್ಟ 1ರೊಳಗಿದೆಯೇ ಎಂದು ಪರೀಕ್ಷಿಸಿ, ಮೂಲ ಫ್ಲೋಟ್ ಕಡತವನ್ನು ಅಳಿಸದೆ ಇಟ್ಟುಕೊಳ್ಳಿ.